ಯಾವ ತಿಂಗ್ಳ ಫೋಟೋನವ್ವ ಅದು?

(1/5)

ಸ್ವೈಪ್ ಮಾಡೋಕೆ ಮುಂಚೆ ಸ್ವಲ್ಪ ಓದಿ. ಇವತ್ತಿನ ಪೋಸ್ಟಲ್ಲಿರೋ ಕೆರೆ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. 2024ರ ಏಪ್ರಿಲಲ್ಲಿ ಇದೇ ಕೆರೆದು ಒಂದು "ಆಗ-ಈಗ" ಹಾಕಿದ್ದೆ. ಎಡಗಡೆ ಅಪ್ಪನ ಹಳೇ ಫೋನಲ್ಲಿದ್ದ ಫೋಟೋ, ತುಂಬಿ ತುಳುಕ್ತಿರೋ ನೀರು. ಬಲಗಡೆ ನಾನು ತೆಗೆದಿದ್ದು, ಬಿರುಕು ಬಿಟ್ಟ ನೆಲ, ಒಂದು ಮೂಲೇಲಿ ಅಂಗೈಯಷ್ಟು ನೀರು. ಮೇಲೆ ದಪ್ಪ ಅಕ್ಷರದಲ್ಲಿ "ಹೂಳೆತ್ತೋಕೆ ಮೊದಲು", "ಹೂಳೆತ್ತಿದ ಮೇಲೆ" ಅಂತ ಬರೆದಿದ್ದೆ.

ನೀವೆಲ್ಲ ನಂಬಿದ್ರಿ. ತಪ್ಪು ನಿಮ್ಮದಲ್ಲ, ನೋಡಿದವರಿಗೆ ಹಾಗೇ ಕಾಣ್ತಿತ್ತು. "ಹೂಳೆತ್ತಿದ್ರೋ ನೀರೆತ್ತಿದ್ರೋ" ಅಂತ ಯಾರೋ ಬರೆದ್ರು, ಅದಕ್ಕೆ ನಗೋ ಮುಖಗಳು ಸಾಲು ಸಾಲು ಬಂದ್ವು. ಆ ಕೆರೆಯಿಂದ ಹೂಳು ಹೊತ್ತ ಟ್ರ್ಯಾಕ್ಟರ್‌ಗಳಲ್ಲಿ ಒಂದು ನಮ್ಮ ಚಿಕ್ಕಪ್ಪಂದು. ಅಂಗಡಿ ಮುಂದೆ ಯಾರೋ ಹುಡುಗ್ರು ಅದೇ ಪೋಸ್ಟ್ ತೋರಿಸಿ ಅವರನ್ನ ಆಡ್ಕೊಂಡಿದ್ರಂತೆ. ಸಂಜೆ ಮನೆಗೆ ಬಂದ್ರು. ಬೈಲಿಲ್ಲ. ಫೋನ್ ಕೈಗೆ ಇಸ್ಕೊಂಡು ನೋಡಿ ಒಂದೇ ಮಾತು ಕೇಳಿದ್ರು: "ಯಾವ ತಿಂಗ್ಳ ಫೋಟೋನವ್ವ ಅದು?"

(2/5)

ಅಪ್ಪನ ಫೋಟೋದ ವಿವರ ತೆಗೆದು ನೋಡಿದೆ. 2022ರ ಅಕ್ಟೋಬರ್. ಮಳೆ ಜೋರಾಗಿದ್ದ ವರ್ಷ, ಕೋಡಿ ಬಿದ್ದ ಕಾಲ. ನಂದು 2024ರ ಏಪ್ರಿಲ್. ಅದರ ಹಿಂದಿನ ಮುಂಗಾರು ಕೈಕೊಟ್ಟು ರಾಜ್ಯಕ್ಕೇ ಬರ ಬಂದಿತ್ತು. ಅಂದ್ರೆ ನಾನು ಹೋಲಿಸಿದ್ದು ಹೂಳೆತ್ತೋಕೆ ಮೊದಲು ಮತ್ತು ಆಮೇಲೆ ಅನ್ನೋದನ್ನಲ್ಲ, ಮಳೆಗಾಲ ಮತ್ತು ಬೇಸಿಗೆಯನ್ನ. ಹೂಳಿನ ಬಗ್ಗೆ ಆ ಎರಡು ಫೋಟೋ ಏನೂ ಹೇಳ್ತಿರಲಿಲ್ಲ.

ಬಿಕಾಂ ಓದ್ತಿರೋರಿಗೆ ಇದು ಗೊತ್ತಿರಬೇಕಿತ್ತು. ಕಂಪ್ಯಾರಿಟಿವ್ ಬ್ಯಾಲೆನ್ಸ್ ಶೀಟ್ ಮಾಡುವಾಗ ಒಂದು ವರ್ಷದ ಮಾರ್ಚ್ 31ರ ಪಕ್ಕ ಇನ್ನೊಂದು ವರ್ಷದ ಮಾರ್ಚ್ 31 ಇಡ್ತೀವಿ. ದೀಪಾವಳಿ ಹಿಂದಿನ ದಿನದ ಸ್ಟಾಕನ್ನ ಮಾರ್ಚ್ ಸ್ಟಾಕ್ ಪಕ್ಕ ಇಟ್ಟು "ವ್ಯಾಪಾರ ಬಿದ್ದೋಯ್ತು" ಅಂದ್ರೆ ಮೇಷ್ಟ್ರು ಪೇಪರ್ ವಾಪಸ್ ಎಸೀತಾರೆ. ಫೋಟೋದಲ್ಲೂ ಅಷ್ಟೆ. ನೀವು ತೋರಿಸಬೇಕಾದ ಬದಲಾವಣೆ ಒಂದನ್ನ ಬಿಟ್ಟು ಮಿಕ್ಕಿದ್ದೆಲ್ಲ ಎರಡೂ ಕಡೆ ಒಂದೇ ಇರಬೇಕು.

ಇನ್ನೊಂದು ತಪ್ಪೂ ಇತ್ತು. ಅಪ್ಪ ನೀರಿನ ಅಂಚಲ್ಲಿ ನಿಂತು ತೆಗೆದಿದ್ರು, ನಾನು ಏರಿ ಮೇಲಿಂದ 0.5 ಲೆನ್ಸಲ್ಲಿ ತೆಗೆದಿದ್ದೆ. ಆ ಲೆನ್ಸಲ್ಲಿ ಹತ್ತಿರದ ಒಣನೆಲ ಮೈದಾನದಷ್ಟು ಅಗಲ ಕಾಣುತ್ತೆ, ದೂರದ ನೀರು ಇನ್ನೂ ಚಿಕ್ಕದಾಗುತ್ತೆ. ಸುಳ್ಳು ಹೇಳಬೇಕು ಅಂತ ನಾನು ಮಾಡಿರಲಿಲ್ಲ, ಆದ್ರೂ ಫೋಟೋ ಸುಳ್ಳು ಹೇಳ್ತು.

ಆ ಪೋಸ್ಟ್ ತೆಗೆದೆ. ಆದ್ರೆ ತೆಗೆದ್ರೆ ಆಡಿದ ಮಾತು ವಾಪಸ್ ಬರಲ್ಲ ಅಲ್ವಾ? ಸರಿಯಾದದ್ದನ್ನ ಹಾಕಬೇಕು ಅಂತ ಹೊರಟೆ.

(3/5)

ಮೊದಲು ಕಲಿಯೋಕೆ ಹೋಗಿದ್ದು ಹಳೇಬೀಡಿಗೆ. ಮದುವೆ ಆಲ್ಬಂ ಡಿಸೈನ್ ಮಾಡೋ ನಮ್ಮ ಸೀನಿಯರ್ ಅಣ್ಣ ಒಬ್ಬರು ಜೊತೆಗೆ ಬಂದ್ರು. ಹೊಯ್ಸಳೇಶ್ವರ ದೇವಸ್ಥಾನದಲ್ಲಿ ಸೆಲ್ಫಿ ತೆಗೆದು ವಾಪಸ್ ಬರೋ ನಾವ್ಯಾರೂ ಸರಿಯಾಗಿ ನೋಡದೇ ಇರೋ ಕೇದಾರೇಶ್ವರ ದೇವಸ್ಥಾನ ಇದೆಯಲ್ಲ, ಅಲ್ಲಿಗೆ. ಅದಕ್ಕೆ ಈಗ ಶಿಖರ ಇಲ್ಲ. ಫರ್ಗುಸನ್ ಅನ್ನೋರು ಭಾರತದ ವಾಸ್ತುಶಿಲ್ಪದ ಬಗ್ಗೆ 1876ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಗುಡಿಯ ಚಿತ್ರ ಇದೆ. ಅದರಲ್ಲಿ ಶಿಖರ ನಿಂತಿದೆ, ಅದರ ಮೇಲೆ ಮರ ಬೆಳೆದಿದೆ. ಮರದ ಬೇರು ಕಲ್ಲುಗಳನ್ನ ಸಡಿಲ ಮಾಡ್ತಿದೆ ಅಂತ ಅವರು ಆಗಲೇ ಬರೆದಿದ್ರು. ಆಮೇಲೆ ಶಿಖರ ಹೋಯ್ತು.

ಆ ಚಿತ್ರವನ್ನ ಫೋನಲ್ಲಿ ಇಟ್ಕೊಂಡು, ಅದನ್ನ ಬರೆದವರು ಎಲ್ಲಿಂದ ನೋಡಿದ್ರೋ ಅಲ್ಲೇ ನಿಲ್ಲೋದು ನಮ್ಮ ಪಾಠ. ನಾನು ಸುಮ್ನೆ ಗುಡಿ ಚೌಕಟ್ಟಲ್ಲಿ ತುಂಬೋ ತನಕ ಹಿಂದೆ ಹೋದೆ. ಅಣ್ಣ ನಕ್ಕರು. "ದೊಡ್ಡದು ಚಿಕ್ಕದು ನೋಡ್ಬೇಡ. ಒಂದು ಹತ್ತಿರದ ವಸ್ತು, ಅದರ ಹಿಂದೆ ಒಂದು ದೂರದ ವಸ್ತು ಹಿಡ್ಕೋ" ಅಂದ್ರು.

ಅದರ ಗುಟ್ಟು ಇಷ್ಟೆ. ಬಸ್ಸಲ್ಲಿ ಹೋಗುವಾಗ ಹತ್ತಿರದ ಕಂಬ ಓಡುತ್ತೆ, ದೂರದ ಬೆಟ್ಟ ನಿಂತೇ ಇರುತ್ತೆ. ನೀವು ಬಲಕ್ಕೆ ಸರಿದ್ರೆ, ದೂರದ ವಸ್ತುವಿಗೆ ಹೋಲಿಸಿದ್ರೆ ಹತ್ತಿರದ್ದು ಎಡಕ್ಕೆ ಸರಿಯುತ್ತೆ. ಹಾಗಾಗಿ ನಿಮ್ಮ ಫೋಟೋದಲ್ಲಿ ಜಗಲಿಯ ಮೂಲೆ, ಹಿಂದಿನ ಗೋಡೆಯ ಮೂಲೆಗಿಂತ ಹಳೇ ಚಿತ್ರದಲ್ಲಿದ್ದಕ್ಕಿಂತ ಎಡಕ್ಕೆ ಕಂಡ್ರೆ, ನೀವು ಬಲಕ್ಕೆ ಜಾಸ್ತಿ ಬಂದಿದ್ದೀರಿ. ಎಡಕ್ಕೆ ಹೋಗಿ. ಹಿಂದೆ ಮುಂದೆ ಹೋಗೋದೂ ಹೀಗೇ: ಹತ್ತಿರದ ವಸ್ತು ದೂರದ್ದಕ್ಕಿಂತ ಅತಿಯಾಗಿ ದೊಡ್ಡದು ಕಂಡ್ರೆ ಹಿಂದಕ್ಕೆ ಸರಿಯಿರಿ. ಝೂಮ್ ಮಾಡಿದ್ರೆ ಇದು ಸರಿಹೋಗಲ್ಲ. ಝೂಮ್ ಎರಡನ್ನೂ ಒಂದೇ ಸಮ ದೊಡ್ಡದು ಮಾಡುತ್ತೆ, ಅವುಗಳ ನಡುವಿನ ಲೆಕ್ಕ ಬದಲಾಗಲ್ಲ. ಆ ಲೆಕ್ಕ ನಿಮ್ಮ ಕಾಲು ಎಲ್ಲಿದೆ ಅನ್ನೋದರ ಮೇಲೆ ಮಾತ್ರ ನಿಂತಿದೆ.

ಇನ್ನೊಂದು ವಿಷಯ ಅಲ್ಲೇ ಕಲಿತೆ. ಹೋಲಿಸೋಕೆ ಹಿಡಿಯೋ ಗುರುತು ಎರಡೂ ಕಾಲದಲ್ಲಿ ಇರಬೇಕು, ಜಾಗ ಬದಲಾಗಿರಬಾರದು. ಶಿಖರವೇ ಹೋಗಿರುವಾಗ ಗುಡಿಯ ತುದಿಗೆ ತುದಿ ಸೇರಿಸೋಕೆ ಹೋದ್ರೆ, ಮಿಕ್ಕ ಗೋಡೆಯೆಲ್ಲ ಎಳೆದ ಹಾಗೆ ಆಗುತ್ತೆ. ಕೆಳಗಿನ ಗೋಡೆ, ಜಗಲಿ ಹಿಡಿದು ಸೇರಿಸಿ. ಮೇಲೆ ಖಾಲಿ ಉಳಿಯೋ ಆಕಾಶವೇ ಹೋಗಿದ್ದೇನು ಅಂತ ಹೇಳುತ್ತೆ.

(4/5)

ಈಗ ಕೆರೆಗೆ ಬರೋಣ. ತುಂಬಿದ ಕೆರೆಯ ಫೋಟೋದಲ್ಲಿ ಹೂಳು ಕಾಣಲ್ಲ, ನೀರಿನ ಕೆಳಗಿರುತ್ತೆ. ನನಗೆ ಬೇಕಿದ್ದಿದ್ದು ಒಣಗಿದ ಕೆರೆಯ ಎರಡು ಫೋಟೋ. ಒಂದು ಚಿಕ್ಕಪ್ಪನ ಹತ್ರನೇ ಇತ್ತು. 2024ರ ಫೆಬ್ರವರಿಯಲ್ಲಿ ಮೊದಲ ಲೋಡಿಗೆ ಮುಂಚೆ, ಏರಿ ಮೇಲೆ ನಿಂತು ತೆಗೆದಿದ್ರು. ಹತ್ತಿರದಲ್ಲಿ ತೂಬಿನ ಕಲ್ಲುಕಟ್ಟಡ, ದೂರದ ದಡದಲ್ಲಿ ಗುಡಿಯ ಕಳಸ, ಅದರಾಚೆ ನೀರಿನ ಟ್ಯಾಂಕು. ಮೇ ತಿಂಗಳಲ್ಲಿ ಮಳೆ ಹಿಡಿಯೋ ಮುಂಚೆ ಇಬ್ರೂ ಹೋದ್ವಿ. ಅವರು ತೆಗೆದಿದ್ದು ಬೆಳಗ್ಗೆ ಒಂಬತ್ತರ ಹೊತ್ತಿಗೆ, ನಾವೂ ಅದೇ ಹೊತ್ತಿಗೆ ಹೋದ್ವಿ. ತೂಬು ಕಳಸದ ಕೆಳಗೆ ಸರಿಯಾಗಿ ಬರೋ ತನಕ ಎರಡು ಹೆಜ್ಜೆ ಎಡಕ್ಕೆ, ಒಂದು ಹಿಂದಕ್ಕೆ. ಮಾಮೂಲಿ 1x ಲೆನ್ಸ್. ಬೇಕು ಅಂತಲೇ ಸ್ವಲ್ಪ ಅಗಲವಾಗಿ ತೆಗೆದೆ. ಜಾಸ್ತಿ ಇದ್ರೆ ಆಮೇಲೆ ಕತ್ತರಿಸಬಹುದು, ಕಮ್ಮಿ ಇದ್ರೆ ಎಲ್ಲಿಂದ ತರ್ತೀರಿ?

ಜೋಡಿಸಿದ್ದು ಹೀಗೆ. 1080 × 1350 ಪಿಕ್ಸೆಲ್ ಕ್ಯಾನ್ವಾಸ್. ಕೆರೆ ಅಡ್ಡಡ್ಡ ಇರೋ ದೃಶ್ಯ, ಪಕ್ಕ ಪಕ್ಕ ಇಟ್ರೆ ಎರಡೂ ಕಡೆ ಕತ್ತರಿಸಿ ಹೋಗುತ್ತೆ. ಅದಕ್ಕೆ ಮೇಲೆ ಒಂದು, ಕೆಳಗೆ ಒಂದು, ಒಂದೊಂದು 670 ಎತ್ತರ, ನಡುವೆ 10 ಪಿಕ್ಸೆಲ್ ಬಿಳಿ ಗೆರೆ.

ಹಳೇ ಫೋಟೋವನ್ನ 1080 ಅಗಲಕ್ಕೆ ಇಟ್ಟೆ. ಅದರಲ್ಲಿ ಕಳಸದಿಂದ ಟ್ಯಾಂಕಿಗೆ 420 ಪಿಕ್ಸೆಲ್ ಬಂತು. ಹೊಸದನ್ನೂ ಅಷ್ಟೇ ಅಗಲಕ್ಕೆ ಇಟ್ರೆ ಅದೇ ಎರಡರ ನಡುವೆ 350. 420ನ್ನ 350ರಿಂದ ಭಾಗಿಸಿದ್ರೆ 1.2. ಅಂದ್ರೆ ಹೊಸದನ್ನ 120%ಗೆ ಹಿಗ್ಗಿಸಬೇಕು. ಮೂಲೆ ಹಿಡಿದೇ ಎಳೀಬೇಕು, ಪಕ್ಕ ಹಿಡಿದು ಎಳೆದ್ರೆ ದೃಶ್ಯ ಚಪ್ಪಟೆ ಆಗುತ್ತೆ. ಆಮೇಲೆ ಹೊಸದನ್ನ ಹಳೇದರ ಮೇಲೆ ಇಟ್ಟು 50% ಪಾರದರ್ಶಕ ಮಾಡಿ, ಕಳಸದ ಮೇಲೆ ಕಳಸ ಕೂರೋ ಹಾಗೆ ಸರಿಸಿ, ಟ್ಯಾಂಕು ಕೂರೋ ತನಕ ಒಂಚೂರು ತಿರುಗಿಸಿದೆ.

ಪರೀಕ್ಷೆ ಇರೋದು ಮೂರನೇ ಗುರುತಲ್ಲಿ. ಎರಡು ಗುರುತನ್ನ ಯಾವ ಫೋಟೋಗಾದ್ರೂ ಬಲವಂತವಾಗಿ ಕೂರಿಸಬಹುದು. ಆದ್ರೆ ಹತ್ತಿರದ ತೂಬೂ ತಾನಾಗೇ ಒಂದರ ಮೇಲೊಂದು ಕೂತ್ರೆ ಮಾತ್ರ ನೀವು ನಿಂತ ಜಾಗ ಸರಿ. ತೂಬು ಎರಡೆರಡಾಗಿ ಕಂಡ್ರೆ ಯಾವ ಆ್ಯಪೂ ಅದನ್ನ ಸರಿ ಮಾಡಲ್ಲ, ವಾಪಸ್ ಹೋಗಿ ಮತ್ತೆ ತೆಗೀಬೇಕು. ನಮ್ಮದು ಕೂತ್ಕೊಂತು. ಕೊನೆಗೆ ಎರಡನ್ನೂ ಒಂದೇ ಗೆರೆಯಲ್ಲಿ ಕತ್ತರಿಸಿದೆ. ಫಿಲ್ಟರ್ ಯಾವುದೂ ಹಾಕಲಿಲ್ಲ. ಒಂದಕ್ಕೆ ಮಾತ್ರ ಬಣ್ಣ ಏರಿಸಿದ್ರೆ ಕಣ್ಣಿಗೆ "ಈಗ ಚೆನ್ನಾಗಾಯ್ತು" ಅನ್ಸುತ್ತೆ, ಆ ಹೆಚ್ಚುಗಾರಿಕೆ ಕೆರೇದಲ್ಲ.

(5/5)

ಇನ್ನು ಹೆಸರು ಬರೆಯೋದು. ಹಳೇ ಪೋಸ್ಟಲ್ಲಿ ಬರೀ "ಮೊದಲು", "ಮೇಲೆ" ಅಂತಿತ್ತು. ಈ ಸಲ ಎರಡೂ ಚಿತ್ರದ ಎಡಗಡೆ ಕೆಳಮೂಲೆಯಲ್ಲಿ, ಒಂದೇ ಗಾತ್ರದ ಕಪ್ಪು ಪಟ್ಟಿ ಮೇಲೆ ಬಿಳಿ ಅಕ್ಷರ: "ಫೆಬ್ರವರಿ 2024, ಹೂಳೆತ್ತೋಕೆ ಮೊದಲು" ಮತ್ತು "ಮೇ 2024, ಹೂಳೆತ್ತಿದ ಮೇಲೆ". ಪಟ್ಟಿ ಇಲ್ಲದೆ ನೇರ ಆಕಾಶದ ಮೇಲೆ ಬಿಳಿ ಅಕ್ಷರ ಬರೆದ್ರೆ ಬಿಸಿಲಲ್ಲಿ ಫೋನ್ ನೋಡೋರಿಗೆ ಕಾಣಲ್ಲ. ಒಂದಕ್ಕೆ ಕೆಂಪು, ಇನ್ನೊಂದಕ್ಕೆ ಹಸಿರು ಕೊಟ್ರೆ ನೋಡೋ ಮುಂಚೆನೇ ನಾವು ತೀರ್ಪು ಕೊಟ್ಟ ಹಾಗೆ.

ತಾರೀಖು ಯಾವುದರದ್ದು ಅಂತಾನೂ ನೋಡ್ಕೊಳ್ಳಿ. ಕೇದಾರೇಶ್ವರದ ಜೋಡಿಗೆ ನಾನು "1876" ಅಂತಷ್ಟೇ ಬರೆದಿದ್ದೆ. ಅಣ್ಣ ಅಳಿಸಿದ್ರು. ಅದು ಪುಸ್ತಕ ಪ್ರಕಟವಾದ ವರ್ಷ, ಚಿತ್ರದಲ್ಲಿರೋ ದಿನ ಅದಕ್ಕಿಂತ ಹಿಂದಿಂದು. ಹಾಗಾಗಿ ಈಗ ಅದರ ಮೇಲೆ "ಪುಸ್ತಕದ ಚಿತ್ರ, 1876ರಲ್ಲಿ ಪ್ರಕಟ" ಅಂತಿದೆ. ವಾಟ್ಸಾಪಲ್ಲಿ ಬಂದ ಫೋಟೋಗೂ ಇದೇ ಕಥೆ. ಗ್ಯಾಲರಿ ತೋರಿಸೋ ತಾರೀಖು ನಿಮಗೆ ಬಂದ ದಿನದ್ದಾಗಿರಬಹುದು, ತೆಗೆದವರನ್ನ ಕೇಳಿ.

ಈಗ ಸ್ವೈಪ್ ಮಾಡಿ. ಮೇಲಿನ ಚಿತ್ರದಲ್ಲಿ ತೂಬಿನ ಕಲ್ಲಿನ ಸಾಲು ಎಣಿಸಿ, ಮಣ್ಣಿನಿಂದ ಮೇಲೆ ಮೂರು. ಕೆಳಗಿನದರಲ್ಲಿ ಎಣಿಸಿ, ಆರು. ತೂಬು ಇದ್ದಲ್ಲೇ ಇದೆ, ನೆಲ ಕೆಳಗೆ ಹೋಗಿದೆ. ಆ ಮೂರು ಸಾಲಿನಷ್ಟು ಮಣ್ಣನ್ನ ಅಲ್ಲಿಂದ ಹೊತ್ತೋರಲ್ಲಿ ನಮ್ಮ ಚಿಕ್ಕಪ್ಪನೂ ಒಬ್ರು. ಇದು ತೂಬಿನ ಹತ್ತಿರದ ಲೆಕ್ಕ ಮಾತ್ರ. ಕೆರೆಯ ಆ ತುದೀಲಿ ಎಷ್ಟು ತೆಗೆದ್ರು ಅನ್ನೋದು ಈ ಫೋಟೋದಿಂದ ಗೊತ್ತಾಗಲ್ಲ, ಅದಕ್ಕೇ ಮೇಲೆ "ಕೆರೆ ಆಳ ಆಯ್ತು" ಅಂತ ಬರೆದಿಲ್ಲ.

ಚಿಕ್ಕಪ್ಪಂಗೆ ಹಾಕೋ ಮುಂಚೆನೇ ತೋರಿಸಿದೆ. ಅವರೂ ಬೆರಳಿಟ್ಟು ಸಾಲು ಎಣಿಸಿದ್ರು. ಆಮೇಲೆ ಅಂದ್ರು, "ಹಳೇ ಪೋಸ್ಟ್ ಸುಳ್ಳು ಅಂತಾನೂ ಬರಿಯವ್ವ. ಅದ ನೋಡಿದೋರು ಇದ ನೋಡ್ದೇ ಇರಬೋದು."

ಬರೆದಿದ್ದೀನಿ. ಆ ಹಳೇ ಪೋಸ್ಟನ್ನ ಯಾರಿಗಾದ್ರೂ ಕಳಿಸಿದ್ರೆ, ದಯವಿಟ್ಟು ಇದನ್ನೂ ಅವರಿಗೇ ಕಳಿಸಿ.