ತಪ್ಪು–ಒಪ್ಪಿನ ಹಾಳೆ

ಹಳೆಯ ಕನ್ನಡ ಪುಸ್ತಕಗಳ ಕೊನೆಯಲ್ಲಿ ‘ತಪ್ಪು – ಒಪ್ಪು’ ಎಂಬ ಒಂದು ಹಾಳೆ ಇರುತ್ತಿತ್ತು. ಇಷ್ಟನೇ ಪುಟ, ಇಷ್ಟನೇ ಸಾಲು, ಇದ್ದದ್ದು ಹೀಗೆ, ಇರಬೇಕಾದ್ದು ಹೀಗೆ. ಅಷ್ಟೇ. ಅಚ್ಚಿನ ಮೊಳೆ ಜೋಡಿಸಿದವರನ್ನು ಬೈಯುವುದಿಲ್ಲ, ಓದುಗರ ಕಾಲು ಹಿಡಿಯುವುದಿಲ್ಲ, ತಪ್ಪು ಹೇಗಾಯಿತೆಂಬ ಕತೆ ಹೇಳುವುದಿಲ್ಲ. ಓದುಗ ಪೆನ್ಸಿಲ್ ತೆಗೆದುಕೊಂಡು ಆ ಸಾಲನ್ನು ತಿದ್ದಿಕೊಂಡು ಮುಂದೆ ಓದುತ್ತಾನೆ. ಇಂಟರ್‌ವ್ಯೂ ಮುಗಿದ ಮೇಲೆ ರೆಸ್ಯೂಮೆಯಲ್ಲೊಂದು ತಪ್ಪು ಕಣ್ಣಿಗೆ ಬಿದ್ದರೆ ಏನು ಮಾಡಬೇಕೆಂದು ಕೇಳುವವರಿಗೆ ನಾನು ತೋರಿಸುವ ಮಾದರಿ ಈ ಹಾಳೆಯೇ.

ಹದಿನೆಂಟು ವರ್ಷ ಬೆಂಗಳೂರಿನ ಒಂದು ಕಂಪನಿಯ ನೇಮಕಾತಿ ವಿಭಾಗದಲ್ಲಿದ್ದು ಈಗ ಅರಸೀಕೆರೆಗೆ ಮರಳಿರುವ ನನಗೆ, ಮೇಜಿನ ಆ ಬದಿಯ ಕೆಲಸ ಗೊತ್ತು. ಇಂಟರ್‌ವ್ಯೂಗೆ ಬಂದ ಪ್ರತಿಯೊಬ್ಬರ ಹೆಸರಿಗೂ ಒಂದು ಹಾಳೆ ಇರುತ್ತದೆ. ಕೇಳಿದವರು ಅದರಲ್ಲಿ ಅಂಕ ಹಾಕಿ, ಕೆಳಗೆ ಒಂದೆರಡು ಸಾಲು ಗೀಚುತ್ತಾರೆ. ಸಂಜೆಯೋ ಮರುದಿನವೋ ಎಲ್ಲ ಹಾಳೆಗಳನ್ನು ಮುಂದಿಟ್ಟುಕೊಂಡು ಕೂರುವ ಹೊತ್ತಿಗೆ ಮುಖಗಳು ಮರೆತಿರುತ್ತವೆ, ಆ ಒಂದೆರಡು ಸಾಲುಗಳು ಮಾತ್ರ ಮಾತಾಡುತ್ತವೆ. ಧನ್ಯವಾದದ ಮೇಲ್‌ಗೆ ಏನಾದರೂ ಕೆಲಸವಿದ್ದರೆ ಅದು ಆ ಹೊತ್ತಿಗೆ ಮುಂಚೆ ತಲುಪಿ, ಆ ಹಾಳೆಗೆ ಒಂದು ಸಾಲು ಸೇರಿಸುವುದು. ಮೂರು ದಿನ ತಡವಾಗಿ ಬಂದ ಚಂದದ ಮೇಲ್ ಅನ್ನು ನಾವು ಓದುತ್ತಿದ್ದೆವು, ಸಂತೋಷಪಡುತ್ತಿದ್ದೆವು. ಅಷ್ಟರಲ್ಲಿ ಆಯ್ಕೆ ಮುಗಿದಿರುತ್ತಿತ್ತು.

ಅಕ್ಕನ ಮಗಳ ವಿಷಯದಲ್ಲಿ ಇದು ಬರಿಯ ಶಿಷ್ಟಾಚಾರದ ಪ್ರಶ್ನೆಯಾಗಿರಲಿಲ್ಲ. ಅವಳು ಇತಿಹಾಸದಲ್ಲಿ ಎಂ.ಎ. ಮಾಡಿ, ಜಾವಗಲ್ ಕಡೆಯ ಒಂದು ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವಲ್ಲ, ಅದಾದ ಮೇಲೆ ಪ್ರವಾಸಿಗರನ್ನು ಕರೆತರುವ ಒಂದು ಸಂಸ್ಥೆ ಈ ಭಾಗಕ್ಕೆ ಸಂಯೋಜಕರು ಬೇಕೆಂದು ಕರೆದಿತ್ತು. ಹಾಸನದಲ್ಲಿ ಗುರುವಾರ ಇಂಟರ್‌ವ್ಯೂ ಆಯಿತು. ರಾತ್ರಿ ಫೋನು ಮಾಡಿದಳು.

“ಮಾವ, ಚೆನ್ನಾಗೇ ಆಯ್ತು. ಆದ್ರೆ ಬಸ್ಸಲ್ಲಿ ಬರ್ತಾ ನೋಡ್ತೀನಿ, ರೆಸ್ಯೂಮೆಯಲ್ಲಿ ಎಂ.ಎ. 2023 ಅಂತಿದೆ. ನಂದು ಮುಗಿದದ್ದು 2024ರಲ್ಲಿ ಅಲ್ವಾ. ಅವರು ಯಾರೂ ಕೇಳಲಿಲ್ಲ. ಸುಮ್ನೆ ಇದ್ಬಿಡ್ಲಾ?”

ಸಹಪಾಠಿಗಳ ಜೊತೆ 2023ರಲ್ಲಿ ಪರೀಕ್ಷೆ ಬರೆದಿದ್ದಳು. ಒಂದು ಪತ್ರಿಕೆ ಉಳಿದು, ಅದನ್ನು ಮರುವರ್ಷ ಬರೆದು ಪಾಸಾದಳು. ಗೆಳತಿಯ ರೆಸ್ಯೂಮೆಯನ್ನು ಮಾದರಿಯಾಗಿಟ್ಟುಕೊಂಡು ತನ್ನದನ್ನು ಮಾಡಿಕೊಂಡಾಗ ಗೆಳತಿಯ ವರ್ಷ ಹಾಗೇ ಉಳಿದುಬಿಟ್ಟಿತ್ತು.

ಸುಮ್ಮನಿದ್ದರೆ ಆಗುವುದೇನೆಂದು ಬಿಡಿಸಿ ಹೇಳಿದೆ. ಇಂಟರ್‌ವ್ಯೂನಲ್ಲಿ ಯಾರೂ ವರ್ಷ ನೋಡದಿರಬಹುದು. ಆದರೆ ಆಯ್ಕೆಯಾದ ಮೇಲೆ ಒಂದು ಅರ್ಜಿ ತುಂಬಿಸುತ್ತಾರೆ, ಅಂಕಪಟ್ಟಿ ಕೇಳುತ್ತಾರೆ. ಆಗ ಬೇರೆ ಯಾರೋ ಒಬ್ಬರು ಅರ್ಜಿ, ಅಂಕಪಟ್ಟಿ, ರೆಸ್ಯೂಮೆ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಅವರು ಅವಳನ್ನು ಕಂಡವರಲ್ಲ, ಅವಳ ಮಾತು ಕೇಳಿದವರಲ್ಲ. ಅವರ ಕಣ್ಣಿಗೆ ಅದು ಕೈತಪ್ಪಲ್ಲ, ಉಳಿದಿದ್ದ ಪತ್ರಿಕೆಯನ್ನು ಮುಚ್ಚಿಟ್ಟ ಹಾಗೆ. ಅಷ್ಟು ಹೊತ್ತಿಗೆ ಶಾಲೆಯ ಕೆಲಸಕ್ಕೂ ರಾಜೀನಾಮೆ ಕೊಟ್ಟಾಗಿರುತ್ತದೆ. ಇವತ್ತು ಒಂದು ಸಾಲಿನಲ್ಲಿ ಮುಗಿಯುವುದು, ಅವತ್ತು ಎರಡು ಕೆಲಸವನ್ನೂ ಕಳೆಯಬಹುದು.

“ಹೇಳಿದ್ರೆ ಈಗ್ಲೇ ಬೇಡ ಅಂದ್ಬಿಟ್ರೆ?” ಅಂದಳು.

ಅದು ಸುಳ್ಳು ಭಯವೇನಲ್ಲ. ಇಂತಿಷ್ಟು ವರ್ಷದೊಳಗೆ ಪದವಿ ಮುಗಿದಿರಬೇಕೆಂಬ ಷರತ್ತಿದ್ದರೆ ಬೇಡ ಅನ್ನಲೂಬಹುದು. ಪ್ರಕಟಣೆಯನ್ನು ಮತ್ತೊಮ್ಮೆ ಓದಿಸಿದೆ. ಅಂಥ ಷರತ್ತು ಇರಲಿಲ್ಲ. ಇದ್ದಿದ್ದರೂ ನಾನು ಹೇಳುತ್ತಿದ್ದದ್ದು ಅದೇ. ಬೇಡ ಅನ್ನಿಸಿಕೊಳ್ಳುವುದಾದರೆ ಕೈಯಲ್ಲಿ ಒಂದು ಕೆಲಸ ಇರುವಾಗಲೇ ಅನ್ನಿಸಿಕೊಳ್ಳುವುದು ಮೇಲು.

ಅವಳು ಅರ್ಧ ಗಂಟೆಯಲ್ಲಿ ಒಂದು ಕರಡು ಕಳಿಸಿದಳು. ಅದರಲ್ಲಿ ಆರು ಸಾಲು ಕ್ಷಮೆ ಇತ್ತು. ‘ದಯವಿಟ್ಟು ಅನ್ಯಥಾ ಭಾವಿಸಬಾರದು’ ಎರಡು ಸಲ ಬಂದಿತ್ತು. ಈ ಕೆಲಸ ಮನೆಗೆ ಎಷ್ಟು ಅಗತ್ಯ ಎಂಬ ಮಾತಿತ್ತು. ಆಮೇಲೆ ಕಂಪ್ಯೂಟರ್ ಜ್ಞಾನ, ಮೂರು ಭಾಷೆ, ಭಾವಗೀತೆ, ತಾಳ್ಮೆ, ನಾಯಕತ್ವ, ಹೀಗೆ ಒಂಬತ್ತು ಗುಣಗಳ ಪಟ್ಟಿ. ಲಗತ್ತಿಸಿದ ಕಡತದ ಹೆಸರು `resume_final_new2.pdf`. ಅದನ್ನು ತೆರೆದರೆ ವರ್ಷ ತಿದ್ದಿದ್ದಲ್ಲದೆ, ಮೊದಲಿನ ಪ್ರತಿಯಲ್ಲಿ ಇಲ್ಲದ ಮೂರು ಸಾಲು ‘ಕೌಶಲ್ಯ’ಗಳೂ ಸೇರಿದ್ದವು.

ಮೊದಲು ತೆಗೆಸಿದ್ದು ಆ ಮೂರು ಸಾಲು. ಅವು ನಿಜವೇ ಇರಬಹುದು. ಆದರೆ ತಿದ್ದಿದ ಪ್ರತಿ ಅಂತ ಹೇಳಿ ಹೊಸದನ್ನು ಸೇರಿಸಿದರೆ, ಎರಡೂ ಪ್ರತಿಗಳನ್ನು ಹೋಲಿಸಿದವರಿಗೆ ಉಳಿದ ಸಾಲುಗಳ ಮೇಲೂ ಅನುಮಾನ ಬರುತ್ತದೆ. ಹಳೆಯ ಪ್ರತಿ ಎಲ್ಲಿಗೂ ಹೋಗಿರುವುದಿಲ್ಲ, ಅವರ ಕಂಪ್ಯೂಟರಿನಲ್ಲೇ ಇರುತ್ತದೆ. ಆದ್ದರಿಂದ ತಪ್ಪು–ಒಪ್ಪಿನ ಹಾಳೆಯಂತೆ ಯಾವ ಪುಟದಲ್ಲಿ ಏನಿತ್ತು, ಏನಾಗಬೇಕು, ಬೇರೇನೂ ಬದಲಾಗಿಲ್ಲ ಎಂದು ಬರೆದರೆ ಸಾಕು. ‘ಪರಿಷ್ಕೃತ ರೆಸ್ಯೂಮೆ ಲಗತ್ತಿಸಿದೆ’ ಎಂದಷ್ಟೇ ಬರೆದರೆ ಏನು ಬದಲಾಯಿತೆಂದು ಹುಡುಕುವ ಕೆಲಸ ಅವರ ತಲೆಗೆ ಬೀಳುತ್ತದೆ. ಯಾರೂ ಹುಡುಕುವುದಿಲ್ಲ. ಇನ್ನು ಬರಿಯ ಒಂದು ಅಕ್ಷರದೋಷಕ್ಕೆ ಇಷ್ಟೆಲ್ಲ ಬೇಕಿಲ್ಲ. ಅಂಕಪಟ್ಟಿಯ ಜೊತೆ ಹೋಲಿಸಿದಾಗ ಹೊಂದದೆ ಹೋಗುವ ವರ್ಷ, ಅಂಕ, ಹುದ್ದೆ, ಕೆಲಸ ಮಾಡಿದ ಅವಧಿ, ಇಲ್ಲವೆ ಕರೆ ತಲುಪದಂತೆ ಮಾಡುವ ಫೋನ್ ನಂಬರು, ಇಂಥವಕ್ಕೆ ಮಾತ್ರ ತಿದ್ದಿದ ಪ್ರತಿ ಬೇಕು.

ಆಮೇಲೆ ಒಂಬತ್ತು ಗುಣ. “ಅವರು ಯಾವುದನ್ನ ಹೆಚ್ಚು ಹೊತ್ತು ಕೇಳಿದ್ರು?” ಅಂದೆ. ಎರಡು ವಿಷಯ ಹೇಳಿದಳು.

ಒಂದು, ರೈಲಿನ ವಿಷಯ. ಬೆಂಗಳೂರಿಂದ ಅರಸೀಕೆರೆಗೆ ರೈಲಲ್ಲಿ ನಲವತ್ತು ಜನ ಬರುತ್ತಾರೆ, ರೈಲು ಎರಡು ಗಂಟೆ ತಡ, ಏನು ಮಾಡುತ್ತೀರಿ? ಇವಳು ಹೇಳಿದ್ದು: ರೈಲು ಹೊತ್ತಿಗೆ ಬಂದರೆ ಮೊದಲು ಬೇಲೂರು. ಅಲ್ಲಿ ಇವತ್ತಿಗೂ ಪೂಜೆ ನಡೆಯುತ್ತದೆ, ಮಧ್ಯಾಹ್ನ ಗರ್ಭಗುಡಿ ಕೆಲಹೊತ್ತು ಮುಚ್ಚಿರುತ್ತದೆ. ತಡವಾದರೆ ಜಾವಗಲ್ ಮೇಲೆ ಬರುವ ದಾರಿಯಲ್ಲಿ ಮೊದಲು ಸಿಗುವ ಹಳೇಬೀಡಿನಲ್ಲೇ ಇಳಿಸಿ, ಬಾಗಿಲು ಮುಚ್ಚಿರುವ ಆ ಹೊತ್ತನ್ನು ಅಲ್ಲಿ ಕಳೆದು, ಸಂಜೆಗೆ ಹದಿನಾರು ಕಿಲೋಮೀಟರ್ ದೂರದ ಬೇಲೂರಿಗೆ ಹೋಗುವುದು. ಶುಕ್ರವಾರವಾದರೆ ಹಳೇಬೀಡಿನ ವಸ್ತುಸಂಗ್ರಹಾಲಯಕ್ಕೆ ರಜೆ, ಅದನ್ನು ಹೊರಡುವ ಮೊದಲೇ ಜನರಿಗೆ ಹೇಳಿಬಿಡುವುದು.

ಇನ್ನೊಂದು, ಕಲ್ಲಿನ ಮೇಲಿನ ಹೆಸರುಗಳು. ಹೊಯ್ಸಳ ಶಿಲ್ಪಿಗಳು ತಾವು ಕೆತ್ತಿದ್ದರ ಕೆಳಗೆ ಹೆಸರು ಬರೆದುಕೊಂಡವರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇಬ್ಬರ ಹೆಸರೂ ಇವೆ. ಇವಳ ಎಂ.ಎ. ಕಿರುಪ್ರಬಂಧ ಆ ಬರಹಗಳ ಮೇಲೆಯೇ.

ಅವರು ಕೇಳಿದ್ದು ಅವರಿಗೆ ಬೇಕಾದದ್ದು. ಭಾವಗೀತೆಯನ್ನು ಯಾರೂ ಕೇಳಲಿಲ್ಲ. ಒಂಬತ್ತು ಗುಣ ಬರೆದರೆ ಹಾಳೆಯಲ್ಲಿ ಒಂದೂ ಉಳಿಯುವುದಿಲ್ಲ. ಎರಡು ಬರೆದು, ಎರಡಕ್ಕೂ ಮಾಡಿದ ಕೆಲಸವನ್ನೇ ಸಾಕ್ಷಿಯಾಗಿಟ್ಟರೆ, ಓದಿದವರು ಅದನ್ನು ತಮ್ಮ ಹಾಳೆಗೆ ಹಾಗೇ ಇಳಿಸಿಕೊಳ್ಳಬಹುದು. ‘ನನಗೆ ಸಮಯಪಾಲನೆ ಇದೆ’ ಎಂಬುದನ್ನು ಯಾರೂ ಇಳಿಸಿಕೊಳ್ಳುವುದಿಲ್ಲ.

ತಿದ್ದುಪಡಿಯನ್ನು ಎಲ್ಲಿ ಇಡಬೇಕೆಂದು ಒಂದು ಸಣ್ಣ ವಾದವಾಯಿತು. ಒಳ್ಳೆಯದನ್ನೆಲ್ಲ ಹೇಳಿ ಕೊನೆಗೆ ಹೇಳೋಣ ಅಂದಳು. ಮೇಲ್ ಅನ್ನು ಹೆಚ್ಚಿನವರು ಮೊಬೈಲಿನಲ್ಲಿ ಓದುತ್ತಾರೆ, ಮೊದಲ ಕೆಲವು ಸಾಲು ನೋಡಿ ಬಿಡುತ್ತಾರೆ. ಕೊನೆಯಲ್ಲಿದ್ದರೆ ತಪ್ಪಿಸಿಕೊಂಡೀತು. ಕಣ್ಣಿಗೆ ಬಿದ್ದರೂ ಬಚ್ಚಿಟ್ಟಂತೆ ಕಾಣುತ್ತದೆ. ಧನ್ಯವಾದ, ತಿದ್ದುಪಡಿ, ಆಮೇಲೆ ಆ ಎರಡು ವಿಷಯ, ಹೀಗೆ ಇಟ್ಟೆವು. ಅವರ ಮನಸ್ಸಿನಲ್ಲಿ ಕೊನೆಗೆ ಉಳಿಯುವುದು ತಪ್ಪಲ್ಲ, ಅವಳ ಕೆಲಸ. ಇಂಟರ್‌ವ್ಯೂ ಕನ್ನಡದಲ್ಲೇ ಆಗಿತ್ತು, ಪತ್ರವೂ ಕನ್ನಡದಲ್ಲೇ ಹೋಯಿತು:

ಮಾನ್ಯರೇ,

ನಿನ್ನೆ ಹಾಸನದಲ್ಲಿ ನನ್ನ ಜೊತೆ ಮಾತಾಡಲು ಸಮಯ ಕೊಟ್ಟದ್ದಕ್ಕೆ ಧನ್ಯವಾದ. ರೈಲು ತಡವಾದ ದಿನದ ಬಗ್ಗೆ ನೀವು ಕೇಳಿದ ಪ್ರಶ್ನೆಯಿಂದ ಈ ಕೆಲಸ ಎಂಥದ್ದೆಂದು ಚೆನ್ನಾಗಿ ತಿಳಿಯಿತು.

ನನ್ನ ರೆಸ್ಯೂಮೆಯ ಮೊದಲ ಪುಟದಲ್ಲಿ ಎಂ.ಎ. ಮುಗಿಸಿದ ವರ್ಷ 2023 ಎಂದಿದೆ. ಅದು 2024 ಆಗಬೇಕು. ಒಂದು ಪತ್ರಿಕೆಯನ್ನು ಆ ವರ್ಷ ಬರೆದು ತೇರ್ಗಡೆಯಾದೆ. ತಿದ್ದಿದ ಪ್ರತಿ ಇದರೊಂದಿಗಿದೆ, ಬೇರೆ ಬದಲಾವಣೆ ಇಲ್ಲ. ತೊಂದರೆಗೆ ಕ್ಷಮೆ ಇರಲಿ.

ನಿನ್ನೆಯ ಮಾತಿಗೆ ಎರಡು ವಿಷಯ ಸೇರಿಸುತ್ತೇನೆ. ಎರಡು ವರ್ಷದಿಂದ ನಮ್ಮ ಶಾಲೆಯ ಬೇಲೂರು–ಹಳೇಬೀಡು ಪ್ರವಾಸದ ಸಮಯಪಟ್ಟಿಯನ್ನು ನಾನೇ ಮಾಡಿ, 60 ಮಕ್ಕಳನ್ನು ಕರೆದುಕೊಂಡು ಹೋಗಿ ಬಂದಿದ್ದೇನೆ. ಬೇಲೂರಿನ ಶಿಲ್ಪಿಗಳ ಹೆಸರಿರುವ ಬರಹಗಳನ್ನು ಕಿರುಪ್ರಬಂಧಕ್ಕಾಗಿ ಸ್ಥಳದಲ್ಲೇ ಓದಿರುವುದರಿಂದ, ಅವನ್ನು ಪ್ರವಾಸಿಗರಿಗೆ ತೋರಿಸಿ ವಿವರಿಸಬಲ್ಲೆ.

ವಂದನೆಗಳೊಂದಿಗೆ,

ಇದನ್ನು ಹೊಸ ಮೇಲ್ ಆಗಿ ಕಳಿಸಲಿಲ್ಲ. ಇಂಟರ್‌ವ್ಯೂಗೆ ಕರೆದಿದ್ದ ಮೇಲ್‌ಗೇ ಉತ್ತರವಾಗಿ ಕಳಿಸಿದಳು. ಹಾಗಾದರೆ ಹಳೆಯ ಪ್ರತಿ, ಹೊಸ ಪ್ರತಿ ಒಂದರ ಕೆಳಗೊಂದು ಸಿಗುತ್ತವೆ. ಕಡತಕ್ಕೆ ಅವಳ ಹೆಸರು, ‘ತಿದ್ದಿದ್ದು’ ಎಂಬ ಮಾತು, ತಾರೀಖು, ಮೂರನ್ನೂ ಇಟ್ಟೆವು. ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ಹೋಯಿತು. ರಾತ್ರಿಯೇ ಕಳಿಸಿದ್ದರೆ ಆ ಆರು ಸಾಲು ಕ್ಷಮೆಯೂ ಜೊತೆಗೇ ಹೋಗುತ್ತಿತ್ತು.

ಮಧ್ಯಾಹ್ನ ಒಂದು ಸಾಲು ಬಂತು: ಉಳಿದಿದ್ದ ಪತ್ರಿಕೆ ಯಾವುದು? ಅವಳು ಹೆದರಿ ನನಗೆ ಫೋನು ಮಾಡಿದಳು. “ಕೇಳಿದ್ದಕ್ಕೆ ಅಷ್ಟೇ ಉತ್ತರ ಕೊಡಮ್ಮ” ಅಂದೆ. ಪತ್ರಿಕೆಯ ಹೆಸರು ಬರೆದು ಕಳಿಸಿದಳು. ಆಮೇಲೆ ಹತ್ತು ದಿನ ಸದ್ದಿಲ್ಲ. ಆ ಹತ್ತು ದಿನದಲ್ಲಿ ಇನ್ನೊಂದು ಮೇಲ್ ಹಾಕುತ್ತೇನೆಂದು ಎರಡು ಸಲ ಕೇಳಿದಳು, ಎರಡು ಸಲವೂ ತಡೆದೆ. ಮೊದಲನೆಯದರಲ್ಲಿ ಹೇಳಬೇಕಾದದ್ದನ್ನೆಲ್ಲ ಹೇಳಿಯಾಗಿದ್ದರೆ ಎರಡನೆಯದರಲ್ಲಿ ಕಾತರವೊಂದೇ ಉಳಿಯುತ್ತದೆ.

ಹನ್ನೊಂದನೆಯ ದಿನ ಕರೆ ಬಂತು. ಆ ಮೇಲ್‌ನಿಂದಲೇ ಕೆಲಸ ಸಿಕ್ಕಿತೆಂದು ನಾನು ಹೇಳಲಾರೆ. ರೈಲಿನ ಪ್ರಶ್ನೆಗೆ ಅವಳು ತಡವರಿಸಿದ್ದರೆ ಯಾವ ಮೇಲ್ ಕೂಡ ಅದನ್ನು ಸರಿಮಾಡುತ್ತಿರಲಿಲ್ಲ. ಅದು ಮಾಡಿದ್ದು ಇಷ್ಟೇ: ದಾಖಲೆ ನೋಡುವ ದಿನ ಅವಳನ್ನು ಎಂದೂ ಕಾಣದ ಒಬ್ಬರು ಅಂಕಪಟ್ಟಿಯನ್ನೂ ರೆಸ್ಯೂಮೆಯನ್ನೂ ಪಕ್ಕಪಕ್ಕ ಇಟ್ಟು, 2024ರ ಮುಂದೆ ಒಂದು ಸರಿ ಗುರುತು ಹಾಕಿ, ಮುಂದಿನ ಸಾಲಿಗೆ ಹೋದರು. ಶಾಲೆಗೆ ರಾಜೀನಾಮೆಯನ್ನು ಅವಳು ಕೊಟ್ಟದ್ದು ಅದರ ಮರುದಿನ.