ತಂಗಿಯ ಸಿಎ ಓದು: ಒಂದು ಸಲದ ಲೆಕ್ಕ ಸಾಲದು

ಬೆಂಗ್ರೆಯ ನಮ್ಮ ಮನೆಯಲ್ಲಿ ತಂಗಿಯ ಸಿಎ ಓದಿಗೆ ದುಡ್ಡು ಹೊಂದಿಸುವ ಹೊಣೆ ನನ್ನದು. ನೋಂದಣಿ, ಕೋಚಿಂಗ್ ಬೇರೆ. ಪರೀಕ್ಷಾ ಶುಲ್ಕ ಮಾತ್ರ ನೋಡಿದರೆ ಫೌಂಡೇಶನ್‌ಗೆ 1,500, ಇಂಟರ್‌ಮೀಡಿಯೇಟ್‌ನ ಎರಡೂ ಗ್ರೂಪ್‌ಗೆ 2,700, ಫೈನಲ್‌ನ ಎರಡಕ್ಕೂ 3,300. ಒಟ್ಟು 7,500 ರೂಪಾಯಿ. "ಇಷ್ಟೇಯಾ?" ಎಂದರು ಅಪ್ಪ.

ಇಷ್ಟೇ ಅಲ್ಲ. ಫೇಲಾದರೆ ಮತ್ತೆ ಪೂರ್ತಿ ಶುಲ್ಕ ಕಟ್ಟಬೇಕು. ಎರಡೂ ಗ್ರೂಪ್ ಉಳಿದು ಇಂಟರ್ ಒಂದು ಸಲ, ಫೈನಲ್ ಎರಡು ಸಲ ಮತ್ತೆ ಬರೆದರೆ 9,300 ಸೇರಿ 16,800 ಆಗುತ್ತದೆ. ನಾನು ತೆಗೆದಿಟ್ಟಿರುವುದು ಈ ಮೊತ್ತವನ್ನು.

ಪಾಸಾದ ಮೇಲೆ ಸದಸ್ಯತ್ವ ಶುಲ್ಕ ವರ್ಷವರ್ಷವೂ ಇದೆ. ಕಟ್ಟದಿದ್ದರೆ ಸದಸ್ಯರ ಪಟ್ಟಿಯಿಂದ ಹೆಸರು ಹೋಗುತ್ತದೆ. ಸ್ವಂತ ಕಚೇರಿ ತೆರೆದರೆ ಪ್ರಾಕ್ಟೀಸ್ ಪ್ರಮಾಣಪತ್ರಕ್ಕೂ ವರ್ಷಕ್ಕೊಮ್ಮೆ ಕಟ್ಟಬೇಕು, ಬರೀ ನೌಕರಿಗೆ ಅದು ಬೇಡ. ಆ ಖರ್ಚನ್ನು ಅವಳ ಸಂಬಳದ ಲೆಕ್ಕಕ್ಕೆ ಬರೆದಿದ್ದೇನೆ.