ಸೋಮವಾರ, ಗುರುವಾರ ಮತ್ತು ಅಪ್ಪನ ಮುಯ್ಯಾಳು

ಕಿಡ್ನಿ ಕೈಕೊಟ್ಟ ಮೇಲೆ ಅಪ್ಪನನ್ನು ಬಾಗಳಿಯಿಂದ ಬೆಂಗಳೂರಿಗೆ ಕರೆತಂದೆವು. ಕಲ್ಲೇಶ್ವರ ಗುಡಿ ಕಡೆ ಒಂದು ಸುತ್ತು ಹೋಗಿ ಬರದೆ ದಿನ ಕಳೆಯದ ಮನುಷ್ಯನಿಗೆ ಈಗ ಸೋಮವಾರ, ಗುರುವಾರ ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ಡಯಾಲಿಸಿಸ್. ಮುಗಿದ ಮೇಲೆ ತಲೆ ಸುತ್ತುತ್ತೆ, ಒಬ್ಬರೇ ಮನೆಗೆ ಬರೋಕಾಗಲ್ಲ.

ನಮ್ಮದು ಆರು ಜನರ ಸಪೋರ್ಟ್ ತಂಡ. ಬೆಳಿಗ್ಗೆ 7ರಿಂದ 3, ಮಧ್ಯಾಹ್ನ 3ರಿಂದ 11, ಮೂರು ಮೂರು ಜನ. ವಾರಕ್ಕೊಮ್ಮೆ ಪಾಳಿ ಬದಲು. ಯಾವ ಹೊತ್ತಿನಲ್ಲೂ ಇಬ್ಬರಿಗಿಂತ ಕಡಿಮೆ ಇರುವಂತಿಲ್ಲ. 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅನ್ನುತ್ತೆ ಕಾನೂನು. ಆದರೆ ಅದು ಮಕ್ಕಳ ಮಾತಾಯ್ತು. ಅಪ್ಪನಿಗಾಗಿ ನಾನೇ ಮ್ಯಾನೇಜರ್ ಮುಂದೆ ಕೂರಬೇಕಾಯ್ತು.

ಮೊದಲು ಬರೆದುಕೊಟ್ಟದ್ದು ಸುಲಭದ ದಾರಿ: ನನ್ನ ಬೆಳಗಿನ ಪಾಳಿಯ ವಾರದಲ್ಲಿ ಆ ಎರಡು ದಿನ ಮಧ್ಯಾಹ್ನದವರೊಬ್ಬರ ಜೊತೆ ಅದಲುಬದಲು. ತಲೆ ಲೆಕ್ಕ ಸರಿಯಿತ್ತು, ನಿದ್ದೆ ಲೆಕ್ಕ ತಪ್ಪಿತ್ತು. ಬುಧವಾರ ರಾತ್ರಿ 11ಕ್ಕೆ ಕೆಲಸ ಬಿಟ್ಟವರು ಗುರುವಾರ 7ಕ್ಕೆ ಹಾಜರಾಗಬೇಕು. ನಡುವೆ ಎಂಟೇ ಗಂಟೆ, ಅದರಲ್ಲೇ ಊಟ, ಓಡಾಟ, ನಿದ್ದೆ. ಯಾರಿಗಾದರೂ ಸಿಟ್ಟು ಬರುತ್ತೆ.

ಹಾಗಾಗಿ ಯಾರನ್ನೂ ಕದಲಿಸದೆ ನಾನೊಬ್ಬನೇ ಆ ಎರಡು ದಿನ 12ರಿಂದ 8 ಮಾಡುತ್ತೇನೆ ಅಂದೆ. 12ರವರೆಗೆ ಇಬ್ಬರು ಉಳಿಯುತ್ತಾರೆ, ಸಂಜೆಗೆ ಒಬ್ಬರು ಹೆಚ್ಚು. ಆದರೆ ಇಬ್ಬರಲ್ಲೊಬ್ಬರಿಗೆ ಜ್ವರ ಬಂದರೆ? ಅದಕ್ಕೆ ಮಧ್ಯಾಹ್ನದ ತಂಡದವರೊಬ್ಬರ ಹೆಸರು ಮೊದಲೇ ಬರೆದಿರಬೇಕು. ಅವರ ಹಿಂದಿನ ರಾತ್ರಿಯ ಪಾಳಿ 8ಕ್ಕೇ ಮುಗಿಯಬೇಕು.

ಅಲ್ಲಿಗೆ ಒಬ್ಬ ಸಹೋದ್ಯೋಗಿ ಕೇಳಿಯೇಬಿಟ್ಟ: "ಮದುವೆಯಾಗದ ನಮಗೆ ಮನೆ ಇಲ್ವಾ ಗುರು? ಸ್ಟ್ಯಾಂಡ್‌ಬೈ ಅಂದ್ರೆ ಯಾವಾಗ್ಲೂ ನಾನೇನಾ?" ನ್ಯಾಯವಾದ ಮಾತು. ಉತ್ತರ ಹೊಳೆಯಲಿಲ್ಲ.

ರಾತ್ರಿ ಅಪ್ಪನಿಗೆ ಹೇಳಿದರೆ ನಕ್ಕರು. "ಮುಯ್ಯಾಳು ಮರ್ತಿಯೇನಪ್ಪಾ? ಅವ್ರು ನಮ್ಮ ಹೊಲಕ್ಕೆ ಒಂದಿನ ಬಂದ್ರೆ ನಾವು ಅವ್ರ ಹೊಲಕ್ಕೆ ಒಂದಿನ. ಯಾಕ್ ಕರ್ದ್ರಿ ಅಂತ ಕೇಳಂಗಿಲ್ಲ, ಸಾಲ ಇಟ್ಕಳಂಗಿಲ್ಲ."

ಅದನ್ನೇ ಹಾಳೆಗಿಳಿಸಿದೆ. ಸ್ಟ್ಯಾಂಡ್‌ಬೈ ಆಗಿ ಹೆಸರು ಬರೆಸಿದ್ದಕ್ಕೇ ಅರ್ಧ ದಿನ, ನಿಜಕ್ಕೂ ಬಂದರೆ ಒಂದು ದಿನ ನನ್ನ ಸಾಲ. ತೀರಿಸುವುದು ಅವರ ಶನಿವಾರದ ಡ್ಯೂಟಿ ಅಥವಾ ಹಬ್ಬದ ದಿನದ ಡ್ಯೂಟಿ ಮಾಡಿ, ಎರಡು ತಿಂಗಳೊಳಗೆ. ಸಮಯ ಬದಲಿಸಿಕೊಳ್ಳುವ ಸೌಲಭ್ಯ ಎಲ್ಲರಿಗೂ, ಕಾರಣ ಹೇಳಬೇಕಿಲ್ಲ. ಆದರೆ ಒಂದು ಪಾಳಿಯಲ್ಲಿ ದಿನಕ್ಕೆ ಒಬ್ಬರಿಗೆ ಮಾತ್ರ. ಇಬ್ಬರು ಕೇಳಿದರೆ, ಹೊತ್ತು ಬದಲಿಸಲಾಗದ ಚಿಕಿತ್ಸೆ ಇರುವವರಿಗೆ ಮೊದಲು. ಈ ಕೊನೆಯ ಸಾಲು ನನಗೇ ಅನುಕೂಲ ಅಂತ ಗೊತ್ತು. ಅದಕ್ಕೇ ಮೂರು ತಿಂಗಳಿಗೊಮ್ಮೆ ತಂಡವೇ ಕೂತು ನೋಡಲಿ ಅಂತ ಸೇರಿಸಿದೆ.

ಆರು ವಾರ ನೋಡೋಣ ಅಂದರು ಮ್ಯಾನೇಜರ್. ಗುರುವಾರಗಳು ಸಲೀಸಾಗಿ ಹೋದವು. ಸೋಮವಾರ ಮಾತ್ರ ವಾರಾಂತ್ಯದ ದೂರುಗಳೆಲ್ಲ ಒಟ್ಟಿಗೆ ಬಿದ್ದು ಹತ್ತು ಗಂಟೆಯ ಹೊತ್ತಿಗೆ ಇಬ್ಬರೂ ಒದ್ದಾಡುತ್ತಿದ್ದರು. ಡಯಾಲಿಸಿಸ್ ಕೇಂದ್ರದಲ್ಲಿ ಬೇರೆ ಹೊತ್ತು ಖಾಲಿ ಇರಲಿಲ್ಲ. ಈಗ ಭಾನುವಾರ ರಾತ್ರಿ ಒಂದು ಗಂಟೆ ಕೂತು ಆ ದೂರುಗಳನ್ನು ವಿಂಗಡಿಸಿಡುತ್ತೇನೆ. ಮದುವೆಯಾಗದ ಆ ಗೆಳೆಯ ಗುರುವಾರ ಸಂಜೆಗಳನ್ನು ಕೇಳಿ ಪಡೆದಿದ್ದಾನೆ. ಯಾಕೆ ಅಂತ ನಾವ್ಯಾರೂ ಕೇಳಿಲ್ಲ. ಅವನಿಗೆ ನನ್ನಿಂದ ಬರಬೇಕಾದ ಎರಡು ಶನಿವಾರ ಇನ್ನೂ ಬಾಕಿ ಇದೆ.